ದಿನಕ್ಕೆ 8,000 ಅಂದರೆ ತಿಂಗಳಿಗೆ ಎಷ್ಟು?

ಪುಟ್ಟಿ,

ನಿನ್ನೆ ಫೋನಿನಲ್ಲಿ ಹೇಳಿದೆಯಲ್ಲ, ಕಂಪನಿ ಕೆಲಸ ಬಿಟ್ಟು ಸ್ವಂತವಾಗಿ ಕರಾರಿನ ಮೇಲೆ ಕೆಲಸ ಮಾಡಿದರೆ ದಿನಕ್ಕೆ 8,000 ಕೊಡ್ತಾರೆ, 22 ದಿನಕ್ಕೆ 1,76,000 ಆಯ್ತು, ಈಗಿನ ಸಂಬಳಕ್ಕಿಂತ ಜಾಸ್ತಿನೇ ಅಂತ. ರಾತ್ರಿಯೆಲ್ಲ ಅದೇ ತಲೆಯಲ್ಲಿತ್ತು. ಆ 22 ಅನ್ನೋ ಸಂಖ್ಯೆಯಲ್ಲೇ ತಪ್ಪಿದೆ.

ವರ್ಷದಿಂದ ಲೆಕ್ಕ ಹಿಡಿ. 365ರಲ್ಲಿ ಶನಿವಾರ, ಭಾನುವಾರ 104 ಹೋಯಿತು. ದಸರಾ, ಯುಗಾದಿ ಎಲ್ಲ ಸೇರಿ ಹಬ್ಬದ ರಜೆ 12, ನಿನ್ನ ಸ್ವಂತ ರಜೆ, ಜ್ವರ, ಮದುವೆ ಮನೆ ಅಂತ 18. ಉಳಿದದ್ದು 231. ಈಗ ಕಂಪನಿ ಈ ರಜೆಗೂ ಸಂಬಳ ಕೊಡುತ್ತೆ, ಆಮೇಲೆ ಯಾರೂ ಕೊಡಲ್ಲ.

ಇದಾದ ಮೇಲೆ ಖಾಲಿ ದಿನಗಳು. ಒಂದು ಕೆಲಸ ಮುಗಿದು ಇನ್ನೊಂದು ಸಿಗುವ ಹೊತ್ತಿಗೆ ವರ್ಷಕ್ಕೆ ಒಂದು ತಿಂಗಳಾದರೂ ಹೋಗುತ್ತೆ, ಅಂದರೆ 22 ದಿನ. ಕೊಟೇಶನ್ ಬರೆಯೋದು, ಬಿಲ್ ಹಿಂದೆ ಬೀಳೋದು, ಹೊಸದು ಕಲಿಯೋದು, ಇದಕ್ಕೆ ತಿಂಗಳಿಗೆ 2 ದಿನ ಇಟ್ಟುಕೋ. ಒಟ್ಟು 46. ಬಿಲ್ ಹಾಕಬಹುದಾದ ದಿನ 185 ಮಾತ್ರ.

ನಾನು ಸಕ್ಕರೆ ಕಾರ್ಖಾನೆಗಳಿಗೆ ಬಾಯ್ಲರ್ ಸಲಹೆಗಾರನಾಗಿ ಹೊರಟ ಮೊದಲ ವರ್ಷ ನಿನ್ನ ಹಾಗೇ 22ರಿಂದ ಗುಣಿಸಿದ್ದೆ. ಕಬ್ಬು ಸಾಲದೆ ಒಂದು ಕಾರ್ಖಾನೆ ಬೇಗ ನಿಂತಿತು, ನಾನೂ ಮನೆಯಲ್ಲಿ ಕೂತೆ. ವರ್ಷದ ಕೊನೆಗೆ ಡೈರಿ ಎಣಿಸಿದರೆ ದುಡ್ಡು ಬಂದ ದಿನ 170.

185ನ್ನು 8,000ದಿಂದ ಗುಣಿಸಿದರೆ 14,80,000. ಲ್ಯಾಪ್‌ಟಾಪ್, ಆರೋಗ್ಯ ವಿಮೆ, ಇಂಟರ್ನೆಟ್, ಆಡಿಟರ್ ಫೀಸು ಅಂತ 1,20,000 ತೆಗಿ. 13,60,000 ಉಳಿಯಿತು, ತಿಂಗಳಿಗೆ ಸುಮಾರು 1,13,000. ಇದನ್ನು ಕೈಗೆ ಬರುವ ಸಂಬಳದ ಜೊತೆ ಹೋಲಿಸಬೇಡ, ಸಿಟಿಸಿ ಜೊತೆ ಹೋಲಿಸು, ಯಾಕಂದರೆ ಕಂಪನಿ ಹಾಕುವ ಪಿಎಫ್ ಪಾಲು, ಗ್ರಾಚ್ಯುಟಿ ಎಲ್ಲ ಇನ್ನು ನೀನೇ ಈ ದುಡ್ಡಿನಲ್ಲಿ ಎತ್ತಿಡಬೇಕು. ನಿನ್ನ ಸಿಟಿಸಿ 18 ಲಕ್ಷ, ಅಂದರೆ ತಿಂಗಳಿಗೆ 1,50,000. ಜಾಸ್ತಿ ಅಂದುಕೊಂಡದ್ದು 37,000 ಕಡಿಮೆ ಆಯ್ತು, ಅಲ್ವಾ? ಬಿಲ್ಲಿನಲ್ಲಿ ಹಿಡಿಯುವ ಟಿಡಿಎಸ್ಸನ್ನು ಖರ್ಚು ಅಂತ ಕಳೆಯಬೇಡ, ಅದು ನಿನ್ನ ತೆರಿಗೆಗೇ ಜಮಾ ಆಗುತ್ತೆ.

ಈಗ ತಿರುಗಿಸಿ ಮಾಡು. 18 ಲಕ್ಷಕ್ಕೆ ಖರ್ಚಿನ 1,20,000 ಸೇರಿಸಿ 185ರಿಂದ ಭಾಗಿಸಿದರೆ 10,400 ಹತ್ತಿರ ಬರುತ್ತೆ. ಅದನ್ನೇ ಕೇಳು. ವರ್ಷಕ್ಕೆ 210 ದಿನದ ಕೆಲಸ ಗ್ಯಾರಂಟಿ ಅಂತ ಕರಾರಿನಲ್ಲಿ ಬರೆದುಕೊಟ್ಟರೆ 9,200ಕ್ಕೆ ಒಪ್ಪಬಹುದು. ಬಾಯಿಮಾತಿಗೆ ಇಳಿಸಬೇಡ. ವರ್ಷದ ಬಿಲ್ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕಾಗುತ್ತೆ, ಹಾಗಾಗಿ ರೇಟಿನ ಪಕ್ಕ 'ಜಿಎಸ್‌ಟಿ ಪ್ರತ್ಯೇಕ' ಅಂತಲೂ ಬರೆಸು.

ಭಾನುವಾರ ಮಂಡ್ಯಕ್ಕೆ ಬಾ, ಸಹಿ ಹಾಕೋ ಮುಂಚೆ ಕರಾರನ್ನು ಒಟ್ಟಿಗೆ ಓದೋಣ. ನನ್ನ ಡೈರಿ ತೆಗೆದಿಟ್ಟಿದ್ದೇನೆ.

ನಿನ್ನ ಅಪ್ಪ