ದರ ಬುಕಿಂಗ್ ಮಾಡಿದ ಹಾರಕ್ಕೆ ವೇಸ್ಟೇಜ್ ಹೆಸರಲ್ಲಿ ಹೆಚ್ಚುವರಿ ವಸೂಲಿ: ಬಿಲ್ ಸರಿಪಡಿಸಲು ದೂರು

ಇವರಿಗೆ,
ವ್ಯವಸ್ಥಾಪಕರು, ಗ್ರಾಹಕರ ದೂರು ವಿಭಾಗ,
ಆಭರಣ ಮಳಿಗೆಯ ಪ್ರಧಾನ ಕಚೇರಿ

ವಿಷಯ: ಮುಂಗಡ ದರ ಬುಕಿಂಗ್ ಯೋಜನೆಯ ಬಿಲ್‌ನಲ್ಲಿ ₹21,176.80 ಹೆಚ್ಚುವರಿ ವಸೂಲಾದ ಬಗ್ಗೆ

ಮಾನ್ಯರೇ,

ನಿಮ್ಮ ದರ ಬುಕಿಂಗ್ ಯೋಜನೆಯಲ್ಲಿ 22 ಕ್ಯಾರೆಟ್‌ನ 40 ಗ್ರಾಂ ಚಿನ್ನವನ್ನು ಗ್ರಾಂಗೆ ₹9,000ರಂತೆ ಬುಕ್ ಮಾಡಿ, ಅದರ ಬೆಲೆಯ ಶೇ. 10, ಅಂದರೆ ₹36,000 ಮುಂಗಡ ಕಟ್ಟಲಾಗಿತ್ತು. 30 ದಿನದೊಳಗೆ ಒಡವೆ ಕೊಂಡರೆ ಬುಕಿಂಗ್ ದಿನದ ದರ, ಕೊಳ್ಳುವ ದಿನದ ದರ, ಇವೆರಡರಲ್ಲಿ ಯಾವುದು ಕಡಿಮೆಯೋ ಅದೇ ಅನ್ವಯ ಎಂದು ರಶೀದಿಯ ಮುಂಬದಿಯಲ್ಲಿ ದಪ್ಪಕ್ಷರದಲ್ಲಿದೆ. 24ನೇ ದಿನ ಬಿಲ್ ಆಯಿತು. ಅಂದು ಮಳಿಗೆಯ ಬೋರ್ಡ್ ದರ ₹9,400. ಗ್ರಾಂಗೆ ₹400ರಂತೆ 40 ಗ್ರಾಂಗೆ ₹16,000 ಉಳಿಯಬೇಕಿತ್ತು. ಉಳಿಯಲಿಲ್ಲ. ಬುಕಿಂಗ್ ಮಾಡದೆ ಅದೇ ದಿನ ಅದೇ ಹಾರ ಕೊಂಡವರಿಗಿಂತ ₹2,884 ಜಾಸ್ತಿಯೇ ಹೋಯಿತು. ಇದು ಹೇಗಾಯಿತು ಎಂಬುದು ನಿಮ್ಮ ಬಿಲ್‌ನಲ್ಲೇ ಇದೆ.

ಹಾರದ ನಿವ್ವಳ ತೂಕ 40.000 ಗ್ರಾಂ, ಕಲ್ಲು ಇಲ್ಲ. ಚಿನ್ನದ ಬೆಲೆ ₹9,000ರಂತೆ ₹3,60,000 ಎಂದು ಸರಿಯಾಗಿಯೇ ಹಾಕಿದ್ದೀರಿ. ಅದರ ಕೆಳಗೆ ಶೇ. 16 ವೇಸ್ಟೇಜ್ ಎಂದು 6.4 ಗ್ರಾಂ ಸೇರಿಸಿ, ಅದಕ್ಕೆ ಮಾತ್ರ ಅಂದಿನ ₹9,400ರ ದರದಲ್ಲಿ ₹60,160 ಹಾಕಲಾಗಿದೆ. ಎರಡೂ ಸೇರಿ ₹4,20,160. ಇದರ ಮೇಲೆ ಶೇ. 3 ಜಿಎಸ್‌ಟಿ ₹12,604.80 ಸೇರಿ ಬಿಲ್ ಮೊತ್ತ ₹4,32,764.80. ಮುಂಗಡ ಕಳೆದು ಬಾಕಿಯನ್ನು ಪೂರ್ತಿ ಪಾವತಿಸಲಾಗಿದೆ. ಹಾಲ್‌ಮಾರ್ಕ್ ಶುಲ್ಕ ಚಿಕ್ಕದು, ತಕರಾರೂ ಇಲ್ಲ, ಅದನ್ನು ಈ ಲೆಕ್ಕದಿಂದ ಹೊರಗಿಟ್ಟಿದ್ದೇನೆ.

ಮೊದಲ ತಪ್ಪು ಆ 6.4 ಗ್ರಾಂನ ದರದಲ್ಲಿದೆ. ಕೇಳಿದಾಗ ಕೌಂಟರ್‌ನಲ್ಲಿ, "ಬುಕ್ ಆಗಿರೋದು 40 ಗ್ರಾಂ ಮಾತ್ರ ಸರ್, ಮೇಲಿನದಕ್ಕೆಲ್ಲ ಇವತ್ತಿನ ರೇಟೇ" ಎಂಬ ಉತ್ತರ ಬಂತು. ರಶೀದಿಯ ಹಿಂಬದಿಯ ಷರತ್ತು ಹೇಳುವುದು ಹಾಗಲ್ಲ. "ಬುಕ್ ಮಾಡಿದ ತೂಕಕ್ಕಿಂತ ಹೆಚ್ಚಿನ ತೂಕದ ಒಡವೆ" ಆರಿಸಿದರೆ ಹೆಚ್ಚಿನ ಭಾಗಕ್ಕೆ ಅಂದಿನ ದರ ಎಂದು ಅಲ್ಲಿದೆ. ಒಡವೆಯ ತೂಕ ಎಂದರೆ ತಕ್ಕಡಿ ತೋರಿಸುವ ತೂಕ, ಅದು ಸರಿಯಾಗಿ 40 ಗ್ರಾಂ. ವೇಸ್ಟೇಜ್ ಎಂಬ 6.4 ಗ್ರಾಂ ಹಾರದಲ್ಲೂ ಇಲ್ಲ, ಡಬ್ಬಿಯಲ್ಲೂ ಇಲ್ಲ. ಮಜೂರಿಯನ್ನು ಗ್ರಾಂ ಲೆಕ್ಕದಲ್ಲಿ ಹೇಳುವ ರೂಢಿ ಅದು, ಅಷ್ಟೇ. ಅದನ್ನೂ ತೂಕ ಎಂದೇ ಹಿಡಿದರೆ, 40 ಗ್ರಾಂ ಬುಕ್ ಮಾಡಿದವರು ಪೂರ್ತಿ ರಕ್ಷಣೆ ಬೇಕೆಂದರೆ ಸುಮಾರು 34.5 ಗ್ರಾಂನ ಒಡವೆ ಆರಿಸಬೇಕಾಗುತ್ತದೆ. ಬುಕಿಂಗ್ ಮಾಡಿಸಿಕೊಳ್ಳುವಾಗ ಇದನ್ನು ಯಾರೂ ಹೇಳುವುದಿಲ್ಲ. ಈ ಒಂದು ಸಾಲಿನಿಂದ ಆದ ಹೆಚ್ಚುವರಿ ₹2,560, ತೆರಿಗೆ ಸೇರಿ ₹2,636.80.

ದೊಡ್ಡ ಮೊತ್ತ ಇರುವುದು ಎರಡನೆಯದರಲ್ಲಿ. ಆ ವಾರ ಮಳಿಗೆಯಲ್ಲಿ ವೇಸ್ಟೇಜ್ ಮೇಲೆ ಕೊಡುಗೆ ನಡೆದಿತ್ತು. ಇದೇ ಹಾರದ ಚೀಟಿಯಲ್ಲಿದ್ದ ಶೇ. 16ರ ಬದಲು ಎಲ್ಲರಿಗೂ ಶೇ. 11. ದರ ಬುಕಿಂಗ್ ಮಾಡಿದವರಿಗೆ ಮಾತ್ರ ಅದು ಸಿಗುವುದಿಲ್ಲ ಎಂದು ಹಿಂಬದಿಯ ಕೊನೆಯ ಸಾಲಿನಲ್ಲಿದೆ ಎಂದರು. ಸಾಲು ಇರುವುದು ನಿಜ. ಆದರೆ ಅದರ ಬೆಲೆ ಎಷ್ಟೆಂದು ನೋಡಿ. ಬುಕಿಂಗ್ ಇಲ್ಲದವರು ₹9,400ರಲ್ಲಿ 40 ಗ್ರಾಂಗೆ ₹3,76,000, 4.4 ಗ್ರಾಂ ವೇಸ್ಟೇಜ್‌ಗೆ ₹41,360, ತೆರಿಗೆ ಸೇರಿ ₹4,29,880.80 ಕೊಟ್ಟು ಹಾರ ಒಯ್ಯುತ್ತಾರೆ. ಅವರು ಮುಂಗಡ ಕಟ್ಟಿಲ್ಲ, ದರ ಏರೀತು ಎಂದು ಹೆದರಿಯೂ ಇಲ್ಲ.

ಯೋಜನೆ ರೂಪಿಸಿದವರು ಗಮನಿಸಬೇಕಾದ ಇನ್ನೊಂದು ಲೆಕ್ಕವಿದೆ. ವೇಸ್ಟೇಜ್‌ನಲ್ಲಿ ಐದು ಅಂಶ ಹೆಚ್ಚು, ಅದಕ್ಕೂ ಅಂದಿನ ದರ ಎಂದಾದರೆ, ₹9,000ಕ್ಕೆ ಬುಕ್ ಮಾಡಿದವರಿಗೆ ಒಂದು ರೂಪಾಯಿ ಉಳಿಯಬೇಕಾದರೂ ಬೋರ್ಡ್ ದರ ಸುಮಾರು ₹9,474 ದಾಟಬೇಕು. ಅಂದರೆ 30 ದಿನದೊಳಗೆ ಶೇ. 5ಕ್ಕಿಂತ ಹೆಚ್ಚು ಏರಬೇಕು. ಅದಕ್ಕಿಂತ ಕಡಿಮೆ ಏರಿದರೆ ರಕ್ಷಣೆ ಕಾಗದದ ಮೇಲೆ ಮಾತ್ರ. ದರ ಇಳಿದರಂತೂ "ಯಾವುದು ಕಡಿಮೆಯೋ ಅದು" ಎಂಬ ಮಾತು ಚಿನ್ನದ ಬೆಲೆಯನ್ನು ಇಳಿಸುತ್ತದೆ, ಕೈತಪ್ಪಿದ ಕೊಡುಗೆಯನ್ನು ತಂದುಕೊಡುವುದಿಲ್ಲ. ಆಗಲೂ ಬುಕ್ ಮಾಡಿದವರೇ ಹೆಚ್ಚು ಕೊಡುತ್ತಾರೆ.

ದರ ಹಿಡಿದಿಡುವುದು ಮಳಿಗೆಗೆ ಪುಕ್ಕಟೆ ಅಲ್ಲ ಎಂಬುದು ಗೊತ್ತು. ಶೇ. 10 ಮುಂಗಡ ಪಡೆದು ಪೂರ್ತಿ 40 ಗ್ರಾಂನ ಏರಿಕೆಯನ್ನು ಹೊರಬೇಕೆಂದರೆ ಅಂದೇ ಚಿನ್ನ ಕೊಂಡಿಡಬೇಕು, ಇಲ್ಲವೇ ವಾಯಿದಾ ಮಾರುಕಟ್ಟೆಯಲ್ಲಿ ರಕ್ಷಣೆ ಮಾಡಿಕೊಳ್ಳಬೇಕು. ಎರಡಕ್ಕೂ ಖರ್ಚಿದೆ. ಆ ಖರ್ಚನ್ನು ಬುಕಿಂಗ್ ಶುಲ್ಕ ಎಂದು ನೇರವಾಗಿ ಕೇಳಿದರೆ ಗ್ರಾಹಕರು ತೂಗಿ ನೋಡಿ ಕೊಡುತ್ತಾರೆ, ಇಲ್ಲವೇ ಬಿಡುತ್ತಾರೆ. ಜಾಹೀರಾತಿನಲ್ಲಿ "ದರ ಏರಿದರೂ ಚಿಂತೆ ಇಲ್ಲ" ಎಂದು ಬರೆದು, ಅದೇ ಹಣವನ್ನು ವೇಸ್ಟೇಜ್‌ನಲ್ಲಿ ಹಿಂದಕ್ಕೆ ಪಡೆಯುವುದು ಬೇರೆ ವಿಷಯ. ಮುಖ್ಯ ಮಾಹಿತಿಯನ್ನು ಬೇಕೆಂದೇ ಮರೆಮಾಚುವ ಜಾಹೀರಾತು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದಾರಿತಪ್ಪಿಸುವ ಜಾಹೀರಾತು.

ಆದ್ದರಿಂದ ಕೇಳುವುದಿಷ್ಟು. ವೇಸ್ಟೇಜ್ ಶೇ. 11, ಅದಕ್ಕೂ ₹9,000ರದ್ದೇ ದರ ಹಿಡಿದು ಬಿಲ್ ಸರಿಪಡಿಸಿ. ಆಗ ಚಿನ್ನ ₹3,60,000, ವೇಸ್ಟೇಜ್ ₹39,600, ಜಿಎಸ್‌ಟಿ ₹11,988, ಒಟ್ಟು ₹4,11,588 ಆಗುತ್ತದೆ. ವ್ಯತ್ಯಾಸದ ₹21,176.80ಕ್ಕೆ ಕ್ರೆಡಿಟ್ ನೋಟ್ ಮಾಡಿ, ಹಣ ಪಾವತಿಯಾದ ಬ್ಯಾಂಕ್ ಖಾತೆಗೇ ಮರಳಿಸಿ. ಮುಂದಿನ ಖರೀದಿಗೆ ಕೂಪನ್ ಬೇಡ. ಕೊಡುಗೆ ನಿರಾಕರಿಸಿದ್ದು ಷರತ್ತಿನಂತೆಯೇ ಇದೆ ಎಂದು ನೀವು ವಾದಿಸಬಹುದು, ಆ ಭಾಗಕ್ಕೆ ಲಿಖಿತ ಕಾರಣ ಕೊಡಿ. ಮೊದಲ ₹2,636.80ಕ್ಕೆ ಮಾತ್ರ ನಿಮ್ಮ ಷರತ್ತಿನಲ್ಲೇ ಆಧಾರವಿಲ್ಲ, ಅದನ್ನು ವಾದಕ್ಕೆ ಕಾಯದೆ ಹಿಂದಿರುಗಿಸಬೇಕು.

ಜೊತೆಗೆ ಇನ್ನು ಮುಂದಿನ ರಶೀದಿಗಳ ಮುಂಬದಿಯಲ್ಲೇ ವೇಸ್ಟೇಜ್‌ನ ಶೇಕಡಾವಾರು, ಅದಕ್ಕೆ ಅನ್ವಯಿಸುವ ದರ, ಕೊಡುಗೆ ಸಿಗುತ್ತದೋ ಇಲ್ಲವೋ, ಈ ಮೂರನ್ನೂ ನಮೂದಿಸಿ. ಆರ್ಡರ್ ಕೊಟ್ಟು ಮಾಡಿಸುವ ಒಡವೆಗೆ 30 ದಿನ ಎಣಿಸುವುದು ಆರ್ಡರ್ ದಿನಾಂಕಕ್ಕೋ ಬಿಲ್ ದಿನಾಂಕಕ್ಕೋ ಎಂಬುದೂ ಈಗಿನ ರಶೀದಿಯಲ್ಲಿಲ್ಲ. ಅಕ್ಕಸಾಲಿಗರ ಕಡೆಯಿಂದ ಒಡವೆ ಬರುವುದು ಒಂದು ವಾರ ತಡವಾದರೆ ಗ್ರಾಹಕರ ತಪ್ಪಿಲ್ಲದೆ ಬುಕಿಂಗ್ ಬಿದ್ದುಹೋಗುತ್ತದೆ.

ಈ ಪತ್ರ ತಲುಪಿದ 15 ದಿನದೊಳಗೆ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿ, ನಂತರ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಲಾಗುವುದು. ಪಾವತಿಸಿದ ಮೊತ್ತ ₹5 ಲಕ್ಷದೊಳಗೆ ಇರುವುದರಿಂದ ಅಲ್ಲಿ ದೂರಿಗೆ ಶುಲ್ಕವಿಲ್ಲ, ದೂರುದಾರರು ವಾಸವಿರುವ ಜಿಲ್ಲೆಯಲ್ಲೇ ಸಲ್ಲಿಸಬಹುದು.

ಬುಕಿಂಗ್ ರಶೀದಿಯ ಎರಡೂ ಬದಿ, ಬಿಲ್, ಹಾರದ ಚೀಟಿಯ ಫೋಟೋ ಮತ್ತು ಆ ವಾರದ ಕೊಡುಗೆಯ ಕರಪತ್ರದ ಪ್ರತಿಗಳನ್ನು ಲಗತ್ತಿಸಿದೆ.

ಇಂತಿ,
ನಿಮ್ಮ ಗ್ರಾಹಕ