ಇನ್ನು ಮುಂದೆ ಬೆಳಗಿನ ಕರೆಯಲ್ಲಿ ‘ಐದಕ್ಕೆ ಎಷ್ಟು?’ ಎಂದು ಕೇಳುವುದಿಲ್ಲ

ಪ್ರಿಯ ಗ್ರಾಹಕರೇ,

ನಮಸ್ಕಾರ. ಮೈಸೂರಿನಲ್ಲಿ ಒಬ್ಬರೇ ಇರುವ ನಿಮ್ಮ ಅಪ್ಪ, ಅಮ್ಮಂದಿರಿಗೆ ನಾವು ದಿನಾ ಬೆಳಿಗ್ಗೆ ಫೋನ್ ಮಾಡಿ ವಿಚಾರಿಸುತ್ತೇವಲ್ಲ, ಆ ಕರೆಯ ಪ್ರಶ್ನೆಗಳು ಬರುವ ತಿಂಗಳ ಒಂದನೇ ತಾರೀಕಿನಿಂದ ಬದಲಾಗುತ್ತವೆ. ಸಂಜೆ ನಿಮ್ಮ ವಾಟ್ಸಾಪ್‌ಗೆ ಬರುತ್ತಿದ್ದ ಗ್ರಾಫ್ ನಿಲ್ಲುತ್ತದೆ. ಅದರ ಬದಲು ಎರಡು ಮೂರು ಸಾಲು ಬರಹ ಬರುತ್ತದೆ.

ಗ್ರಾಫ್ ಇಷ್ಟ ಎಂದವರು ನಿಮ್ಮಲ್ಲಿ ಸುಮಾರು ಜನ ಇದ್ದೀರಿ. ಆಫೀಸಿನಲ್ಲಿ ಕೂತು ಒಂದು ನೋಟ ನೋಡಿದರೆ ಸಾಕು, ಗೆರೆ ನೆಟ್ಟಗಿದ್ದರೆ ಮನಸ್ಸು ನಿರಾಳ. ನಮಗೂ ಹಾಗೇ ಅನ್ನಿಸುತ್ತಿತ್ತು. ಆ ಗೆರೆ ಯಾಕೆ ಅಷ್ಟು ನೆಟ್ಟಗಿತ್ತು ಎನ್ನುವುದೇ ಈಗಿನ ತಕರಾರು.

ಒಬ್ಬರು ಅಜ್ಜಿಯ ವಿಷಯ ಹೇಳುತ್ತೇವೆ. ಅವರ ಮನೆಯವರ ಒಪ್ಪಿಗೆ ಇದೆ, ಹೆಸರು ಬೇಡ ಎಂದಿದ್ದಾರೆ. ಎರಡನೇ ಮಹಡಿಯಲ್ಲಿ ವಾಸ, ನಿವೃತ್ತ ಟೀಚರ್. ‘ಇವತ್ತು ಹೇಗಿದ್ದೀರಿ, ಐದಕ್ಕೆ ಎಷ್ಟು ಕೊಡ್ತೀರಿ?’ ಎಂದರೆ 18 ದಿನ ಬಿಡದೆ ‘ನಾಲ್ಕು ಹಾಕ್ಕೊಳ್ಳಮ್ಮ’ ಎಂದರು. ಹತ್ತೊಂಬತ್ತನೇ ದಿನ ಕರೆ ಮಾಡಿದವರು ಹೊಸಬರು. ಹಾಳೆ ಮುಂದಿಟ್ಟುಕೊಳ್ಳುವ ಮೊದಲೇ ಸುಮ್ನೆ ಮಾತಿಗೆ ‘ನಿನ್ನೆ ಸಂಜೆ ವಾಕಿಂಗ್ ಎಲ್ಲಿವರೆಗೆ ಹೋಗಿದ್ರಿ ಅಜ್ಜಿ?’ ಎಂದು ಕೇಳಿದರು. ‘ಎಲ್ಲಿ ವಾಕಿಂಗು, ಮೆಟ್ಟಿಲು ಇಳಿದು ಆರು ದಿನ ಆಯ್ತು. ಬಲಗಾಲು ಊರೋಕೇ ಆಗ್ತಿಲ್ಲ’ ಎಂದರು ಅಜ್ಜಿ. ಆ ಆರೂ ದಿನ ನಮ್ಮ ಗ್ರಾಫಿನಲ್ಲಿ ನಾಲ್ಕೇ ಇತ್ತು.

ಅವರು ಸುಳ್ಳು ಹೇಳಿರಲಿಲ್ಲ. ಆಮೇಲೆ ಕೇಳಿದಾಗ, ‘ಐದು ಅಂದ್ರೆ ಜಂಬ ಆಗತ್ತೆ, ಮೂರು ಅಂದ್ರೆ ಮಗ ಗಾಬರಿ ಬೀಳ್ತಾನೆ’ ಎಂದರು. ಅಂದರೆ ಆ ನಾಲ್ಕು ಅವರ ಕಾಲಿನ ವಿಷಯವೇ ಅಲ್ಲ, ಮಗನ ವಿಷಯ. ಇನ್ನೊಬ್ಬರು ತಾತ ತಿಂಗಳಿಡೀ ‘ಒಂದು’ ಎನ್ನುತ್ತಿದ್ದರು. ನಾವು ಹೆದರಿ ಮನೆಗೆ ಹೋದರೆ ಅವರು ಆರಾಮಾಗಿ ಪೇಪರ್ ಓದುತ್ತಿದ್ದರು. ಅವರ ಲೆಕ್ಕದಲ್ಲಿ ಒಂದು ಎಂದರೆ ಫಸ್ಟ್ ರ‍್ಯಾಂಕ್!

ಒಂದರಿಂದ ಐದರ ಅಳತೆಯಲ್ಲೇ ದೋಷ ಇದೆ ಎಂದಲ್ಲ. 1932ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ರೆನ್ಸಿಸ್ ಲಿಕರ್ಟ್ ಇಂಥ ಅಳತೆಯನ್ನು ಮುಂದಿಟ್ಟಾಗ ಒಂದೇ ವಿಷಯದ ಮೇಲೆ ಹಲವು ಹೇಳಿಕೆ ಕೊಟ್ಟು, ಎಲ್ಲದರ ಅಂಕ ಕೂಡಿಸಿ ನೋಡುತ್ತಿದ್ದರು. ನಾವು ಒಂದೇ ಪ್ರಶ್ನೆಯನ್ನು, ಅದೇ ಮಾತಿನಲ್ಲಿ, ದಿನಾ ಕೇಳಿದೆವು. ಒಂದು ವಾರ ಕಳೆಯುವಷ್ಟರಲ್ಲಿ ಉತ್ತರ ಬಾಯಿಪಾಠ ಆಗಿಬಿಡುತ್ತದೆ. ಕೇಳಿದವರು ಯೋಚಿಸುವುದಿಲ್ಲ, ಹೇಳಿದವರೂ ಯೋಚಿಸುವುದಿಲ್ಲ.

ಹಾಗಾದರೆ ಅಂಕ ಬಿಟ್ಟು ‘ಹೇಗಿದ್ದೀರಿ?’ ಎಂದಷ್ಟೇ ಕೇಳಿದರೆ ಆಯ್ತಲ್ಲ ಎನ್ನಬಹುದು. ಅದನ್ನೂ ಮಾಡಿ ನೋಡಿದೆವು. ನಮ್ಮ ಕಡೆ ‘ಊಟ ಆಯ್ತಾ’ ಎನ್ನುವುದು ಪ್ರಶ್ನೆಯೇ ಅಲ್ಲ, ನಮಸ್ಕಾರ ಇದ್ದ ಹಾಗೆ. ಒಲೆ ಹಚ್ಚದೇ ಇದ್ದರೂ ‘ಆಯ್ತು, ನಿಮ್ದು?’ ಎಂದೇ ಬರುತ್ತದೆ. ‘ಚೆನ್ನಾಗಿದ್ದೀರಾ’ದ ಕಥೆಯೂ ಅದೇ. ಅದಕ್ಕೇ ಹೊಸ ಪ್ರಶ್ನೆಗಳನ್ನು ಹೌದು, ಇಲ್ಲ, ಚೆನ್ನಾಗಿದೆ ಎಂದು ಮುಗಿಸಲಾಗದ ಹಾಗೆ ಮಾಡಿದ್ದೇವೆ.

ಮೊದಲನೆಯದು, ‘ಬೆಳಿಗ್ಗೆ ಎದ್ದಾಗಿನಿಂದ ಏನೇನು ತಿಂದ್ರಿ?’ ಎರಡನೆಯದು, ‘ರಾತ್ರಿ ಎಷ್ಟು ಸಲ ಎದ್ರಿ?’ ಮೂರನೆಯದು, ‘ನಿನ್ನೆಯಿಂದ ಯಾವ ಕೆಲಸ ಕಷ್ಟ ಅನ್ನಿಸ್ತು?’ ಈ ಮೂರನೆಯದರ ಮಾತಿನ ಬಗ್ಗೆ ನಮ್ಮಲ್ಲೇ ಜಗಳ ಆಯಿತು. ‘ಏನಾದ್ರೂ ಕಷ್ಟ ಆಯ್ತಾ?’ ಎಂದರೆ ‘ಇಲ್ಲಪ್ಪ’ ಎಂದು ತಕ್ಷಣ ಬರುತ್ತದೆ. ‘ಯಾವ ಕೆಲಸ’ ಎಂದರೆ ಏನೋ ಒಂದು ಇದ್ದೇ ಇರುತ್ತದೆ, ಹೇಳಿದರೆ ತಪ್ಪಿಲ್ಲ ಎನ್ನುವ ಧೈರ್ಯ ಬರುತ್ತದೆ. ಇಲ್ಲದ ಕಷ್ಟವನ್ನು ನಾವೇ ಬಾಯಿಗೆ ಹಾಕಿದ ಹಾಗೆ ಆಗುವುದಿಲ್ಲವಾ ಎಂದು ಒಬ್ಬರು ಕೇಳಿದರು. ಆಗುತ್ತದೆ, ಸ್ವಲ್ಪ. ಆದರೆ ‘ಕುಕ್ಕರ್ ಮುಚ್ಚಳ ತೆಗೆಯೋದು’ ಎಂಬ ಸಣ್ಣ ದೂರು ಒಂದು ಜಾಸ್ತಿ ಬಂದರೆ ನಷ್ಟ ಇಲ್ಲ. ಕಾಲಿನ ವಿಷಯ ಆರು ದಿನ ಮುಚ್ಚಿಹೋದರೆ ನಷ್ಟ.

ನೋವಿಗೆ ಮಾತ್ರ ಐದರ ಅಳತೆ ಉಳಿಸಿಕೊಂಡಿದ್ದೇವೆ. ಬರೀ ಮಾತಿನ ಉತ್ತರ ಇಟ್ಟುಕೊಂಡು ಹೋದ ವಾರಕ್ಕಿಂತ ನೋವು ಜಾಸ್ತಿಯಾ ಕಡಿಮೆಯಾ ಎಂದು ಹೇಳುವುದು ಕಷ್ಟ. ಡಾಕ್ಟರ್ ಕೇಳುವುದೂ ಅದನ್ನೇ. ಆದರೆ ಅಂಕವನ್ನು ಹಿರಿಯರು ಹೇಳುವುದಿಲ್ಲ. ಅವರು ಆದದ್ದು ಹೇಳುತ್ತಾರೆ, ನಮ್ಮವರು ಹಾಳೆ ನೋಡಿ ಅಂಕ ಬರೆಯುತ್ತಾರೆ. ನೋವಿಲ್ಲ ಎಂದರೆ 1. ನೋವಿದೆ, ಆದರೆ ಕೆಲಸ ನಡೆಯಿತು ಎಂದರೆ 2. ನಡುವೆ ಕೂರಬೇಕಾಯಿತು ಎಂದರೆ 3. ಒಂದು ಕೆಲಸ ಪೂರ್ತಿ ಬಿಟ್ಟರೆ 4. ಹಾಸಿಗೆಯಿಂದ ಏಳಲು ಆಗದಿದ್ದರೆ 5. ಈ ಲೆಕ್ಕದಲ್ಲಿ ಆ ಅಜ್ಜಿಗೆ ಮೊದಲ ದಿನವೇ 4 ಬೀಳುತ್ತಿತ್ತು, ಏಕೆಂದರೆ ವಾಕಿಂಗ್ ಬಿಟ್ಟಿದ್ದರು. ಅಂದೇ ಅವರ ಮಗನಿಗೆ ಫೋನ್ ಹೋಗುತ್ತಿತ್ತು. ಈ ಅಂಕ ಬರೆಯುವುದು ಕೊನೆಯಲ್ಲಿ, ಮಾತೆಲ್ಲ ಮುಗಿದ ಮೇಲೆ. ಮೊದಲೇ ಅಂಕ ಬಿದ್ದರೆ ಆಮೇಲಿನ ಮಾತೆಲ್ಲ ಅದಕ್ಕೆ ಹೊಂದಿಕೊಳ್ಳಲು ನೋಡುತ್ತದೆ.

ಒಂದು ಎಚ್ಚರಿಕೆ. 4 ಎಂದರೆ 2ರ ಎರಡರಷ್ಟು ನೋವು ಎಂದಲ್ಲ. ನಿಮ್ಮ ಅಮ್ಮನ 3ನ್ನು ಪಕ್ಕದ ಮನೆಯವರ 3ರ ಜೊತೆ ಹೋಲಿಸಬೇಡಿ. ಅವರದೇ ನಿನ್ನೆ, ಮೊನ್ನೆಯ ಜೊತೆ ಮಾತ್ರ ನೋಡಿ. ಹಾಗಾಗಿಯೇ ತಿಂಗಳ ಸರಾಸರಿ ಕಳಿಸುವುದನ್ನೂ ಬಿಟ್ಟಿದ್ದೇವೆ.

ಹೊಸ ಪ್ರಶ್ನೆಗಳೂ ಸವೆಯುತ್ತವೆ, ಗೊತ್ತು. ‘ಏನ್ ತಿಂದ್ರಿ’ ಎಂದರೆ ನಾಲ್ಕು ದಿನ ಸತತ ‘ಉಪ್ಪಿಟ್ಟು’ ಎಂದು ಬಂದರೆ, ಉಪ್ಪಿಟ್ಟು ನಿಜವಾ ಅಥವಾ ಅದೂ ಬಾಯಿಪಾಠವಾ? ಅಂಥಾಗ ನಮ್ಮವರು ಪ್ರಶ್ನೆ ತಿರುಗಿಸುತ್ತಾರೆ: ‘ಹಾಲಿನವನು ಬಂದಿದ್ನಾ, ಹಾಲು ಏನ್ ಮಾಡಿದ್ರಿ?’ ಮರೆವು ಇರುವವರಿಗೆ ಮಾತ್ರ ಇಂಥ ಪ್ರಶ್ನೆಗಳು ಒಗ್ಗುವುದಿಲ್ಲ. ನೆನಪಿಲ್ಲ ಎನ್ನಲು ನಾಚಿಕೆಯಾಗಿ ಏನೋ ಒಂದು ಕಟ್ಟಿ ಹೇಳುತ್ತಾರೆ. ಅವರಿಗೆ ಫೋನ್ ಹಿಡಿದುಕೊಂಡೇ ಮಾತ್ರೆ ಡಬ್ಬಿ ತೆಗೆಸಿ, ಇವತ್ತಿನ ಖಾನೆ ಖಾಲಿ ಇದೆಯಾ ನೋಡಿಸುತ್ತೇವೆ.

ಹಿರಿಯರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದು ಕಳಿಸುತ್ತೇವೆ. ‘ಸ್ವಲ್ಪ ಸುಸ್ತು, ಆದ್ರೂ ಪರವಾಗಿಲ್ಲ’ ಎಂದರೆ ಹಾಗೆಯೇ. ಅದನ್ನು ‘ಆರೋಗ್ಯ ಚೆನ್ನಾಗಿದೆ’ ಎಂದು ತಿದ್ದುವುದಿಲ್ಲ. ‘ಮಗಳಿಗೆ ಹೇಳ್ಬೇಡಿ’ ಎಂದ ಮಾತು ನಿಮಗೆ ಬರುವುದಿಲ್ಲ. ಬಿದ್ದರೆ, ಮಾತ್ರೆ ತಪ್ಪಿದರೆ, ಎದೆನೋವು ಬಂದರೆ, ನೋವಿನ ಅಂಕ 4 ಅಥವಾ 5 ಆದರೆ ಮಾತ್ರ ಹೇಳುತ್ತೇವೆ. ಇದನ್ನು ಅವರಿಗೂ ಮೊದಲೇ ತಿಳಿಸಿದ್ದೇವೆ. ಎಲ್ಲವೂ ನಿಮ್ಮ ಫೋನಿಗೆ ಬರುತ್ತದೆ ಎಂದು ಗೊತ್ತಿದ್ದರೆ ಅವರು ಮತ್ತೆ ‘ನಾಲ್ಕು’ ಎನ್ನಲು ಶುರು ಮಾಡುತ್ತಾರೆ.

ಎರಡು ನಿಮಿಷದ ಕರೆ ಈಗ ಆರು ಏಳು ನಿಮಿಷ ಹಿಡಿಯುತ್ತದೆ. ಹಾಗಾಗಿ 9ರಿಂದ 10ರ ಬದಲು 9ರಿಂದ 11ರ ಒಳಗೆ ಕರೆ ಬರುತ್ತದೆ. ಒಂದು ಮನೆಗೆ ಒಬ್ಬರೇ ಕರೆ ಮಾಡುತ್ತಾರೆ, ಅವರ ರಜೆಯ ದಿನ ಮಾತ್ರ ಇನ್ನೊಬ್ಬರು. ಈ ಮೂರು ತಿಂಗಳು ಶುಲ್ಕ ಹಳೆಯದೇ. ಆಮೇಲೆ ಏರಿಸಲೇಬೇಕಾದರೆ ಒಂದು ತಿಂಗಳು ಮೊದಲು ಹೇಳುತ್ತೇವೆ.

ನಿಮ್ಮ ಅಪ್ಪ, ಅಮ್ಮ ದಿನಾ ಮಾಡುವ ಐದಾರು ಕೆಲಸಗಳನ್ನು ನಮಗೆ ಬರೆದು ಕಳಿಸಿ. ಹೂ ಕೀಳುವುದು, ಮಹಡಿಗೆ ಬಟ್ಟೆ ಒಯ್ಯುವುದು, ದೇವಸ್ಥಾನ, ಏನೇ ಇರಲಿ. ಅದು ನಿಂತಿದ್ದು ನಮಗೆ ಗೊತ್ತಾಗಬೇಕಾದರೆ ಅದು ಇತ್ತು ಎನ್ನುವುದು ಮೊದಲು ಗೊತ್ತಿರಬೇಕಲ್ಲ. 25ನೇ ತಾರೀಕಿನೊಳಗೆ ಸಿಕ್ಕರೆ ಒಂದನೇ ತಾರೀಕಿನ ಹಾಳೆಯಲ್ಲಿ ಸೇರಿಸುತ್ತೇವೆ.

ಇಂತಿ,
ಬೆಳಗಿನ ಕರೆ ಮಾಡುವ ನಮ್ಮೆಲ್ಲರ ಪರವಾಗಿ