ಪಾಸ್‌ಪೋರ್ಟ್ ಸ್ಕ್ಯಾನ್: ಹೊರಡುವ ಮುಂಚೆ ಇದೊಂದು ಮಾಡಿಕೊಳ್ಳಿ

ಎಲ್ಲರಿಗೂ ನಮಸ್ಕಾರ. ಪಾಸ್‌ಪೋರ್ಟಿನ ಮೊದಲ, ಕೊನೆಯ ಪುಟ ಮತ್ತು ವೀಸಾ ಸೇರಿಸಿ, ಪಾಸ್‌ವರ್ಡ್ ಹಾಕಿದ ಒಂದು ಪಿಡಿಎಫ್ ಮಾಡಿ ಗೂಗಲ್ ಡ್ರೈವ್‌ನಲ್ಲಿಡಿ. ದಯವಿಟ್ಟು ಈ ಗುಂಪಿಗೆ ಹಾಕಬೇಡಿ.

ಅಸಲಿ ತೊಂದರೆ ಬೇರೆ ಇದೆ. ವಿದೇಶದಲ್ಲಿ ಫೋನ್ ಕಳುವಾದರೆ ಸಿಮ್ಮೂ ಹೋದ ಹಾಗೇ ಅಲ್ವಾ? ಬೇರೆಯವರ ಫೋನಿನಲ್ಲಿ ಲಾಗಿನ್ ಆಗಲು ಹೋದರೆ ಒಟಿಪಿ ಬರುವುದು ಕಳೆದುಹೋದ ಆ ನಂಬರಿಗೇ! ಅದಕ್ಕೇ ಗೂಗಲ್ ಖಾತೆಯ 2-Step Verification ಒಳಗೆ Backup codes ತೆಗೆದುಕೊಳ್ಳಿ. ಎಂಟಂಕಿಯ 10 ಕೋಡ್ ಸಿಗುತ್ತವೆ. ಒಂದೊಂದೂ ಒಂದೇ ಸಲಕ್ಕೆ. ಚೀಟಿಯಲ್ಲಿ ಬರೆದು, ಫೋನ್ ಇಡದ ಬ್ಯಾಗಿನಲ್ಲಿಡಿ. ಹೊರಡುವ ಮುಂಚೆ ಮನೆಯವರ ಫೋನಿನಲ್ಲಿ ಒಂದು ಕೋಡ್ ಬಳಸಿ ಫೈಲ್ ತೆರೆದು ನೋಡಿ, ಆಮೇಲೆ ಲಾಗ್‌ಔಟ್ ಮಾಡಿ.

ಸ್ಕ್ಯಾನ್ ತೋರಿಸಿ ವಿಮಾನ ಹತ್ತಲು ಆಗುವುದಿಲ್ಲ. ಪಾಸ್‌ಪೋರ್ಟ್ ಕಳೆದುಹೋದರೆ, ಊರಿಗೆ ಮರಳಲು ರಾಯಭಾರ ಕಚೇರಿಯಲ್ಲಿ ಎಮರ್ಜೆನ್ಸಿ ಸರ್ಟಿಫಿಕೇಟ್ ಕೇಳುವಾಗ ಅದು ಬೇಕಾಗುತ್ತದೆ.